ಹಸಿದಾಗ ಉರಿ, ಉಂಡಾಗ ಹಿತ: ಹೊಟ್ಟೆ ಹುಣ್ಣಿನ ಬಗ್ಗೆ ನಂಬಿಕೊಂಡದ್ದು, ನಿಜವಾಗಿ ಇರುವುದು

ಕೆ.ಆರ್. ಪೇಟೆಯಲ್ಲೋ ಪಾಂಡವಪುರದಲ್ಲೋ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನ ಮುಂದೆ ಬೆಳಗಿನ ಹೊತ್ತು ಸ್ವಲ್ಪ ನಿಂತರೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಅಣ್ಣ, ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ.” ಕೊಡುವವರೂ ಹೆಚ್ಚು ವಿಚಾರಿಸುವುದಿಲ್ಲ, ಕೊಳ್ಳುವವರೂ ಹೇಳುವುದಿಲ್ಲ. ಎದೆ ಉರಿ, ಹುಳಿ ತೇಗು, ಹೊಟ್ಟೆ ಉಬ್ಬರ, ಪಿತ್ತಕೋಶದ ಕಲ್ಲಿನ ನೋವು, ಕೆಲವೊಮ್ಮೆ ಹೃದಯಾಘಾತದ ಮೊದಲ ಗಂಟೆಯ ಸಂಕಟ ಕೂಡ ಇದೇ ಒಂದು ಹೆಸರಿನಲ್ಲಿ ಅಡಗಿಬಿಡುತ್ತವೆ. ಇವುಗಳ ನಡುವೆ ತನ್ನದೇ ವೇಳಾಪಟ್ಟಿ ಇಟ್ಟುಕೊಂಡು ಬರುವ ನೋವೊಂದಿದೆ. ಎದೆಮೂಳೆಯ ಕೆಳಗೆ, ಹೊಕ್ಕುಳಿಗಿಂತ ಮೇಲೆ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ಉರಿಯುತ್ತದೆ. ಹೊಟ್ಟೆ ಖಾಲಿಯಾದಾಗ ಏಳುತ್ತದೆ, ಎರಡು ತುತ್ತು ತಿಂದರೆ ಅಡಗುತ್ತದೆ. ಈ ಲೇಖನ ಆ ನೋವಿನ ಬಗ್ಗೆ.

ತಪ್ಪು ಕಲ್ಪನೆ: “ಊಟ ಮಾಡಿದ ತಕ್ಷಣ ಹೋಗುತ್ತದೆ ಅಂದಮೇಲೆ ಅದು ಬರೀ ಹಸಿವು, ಇಲ್ಲವೇ ಗ್ಯಾಸು”

ಗ್ಯಾಸಿಗೂ ಇದಕ್ಕೂ ಸಂಬಂಧವಿಲ್ಲ. ಜಠರದಲ್ಲಿ ಸುರಿಯುವ ಆಮ್ಲ ಮಾಂಸವನ್ನೂ ಕರಗಿಸುವಷ್ಟು ತೀಕ್ಷ್ಣ. ಅದರಿಂದ ಜಠರದ ಒಳಗೋಡೆ ಸುಡದಂತೆ ಕಾಯುವುದು ಅದರ ಮೇಲಿರುವ ಲೋಳೆಯ ತೆಳು ಪದರ. ಆ ಪದರ ಎಲ್ಲಾದರೂ ಹರಿದು, ಕೆಳಗಿನ ಚರ್ಮದಂಥ ಭಾಗ ಆಳವಾಗಿ ಕೊರೆದುಹೋದರೆ ಅದೇ ಹುಣ್ಣು, ಅಂದರೆ ಅಲ್ಸರ್. ಅದು ಜಠರದಲ್ಲೇ ಆಗಬಹುದು, ಅಥವಾ ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಗೇಣುದ್ದದ ಭಾಗದಲ್ಲಿ ಆಗಬಹುದು. ಈ ಭಾಗಕ್ಕೆ ವೈದ್ಯರು ಡಿಯೋಡಿನಮ್ ಎನ್ನುತ್ತಾರೆ.

ಹಸಿದಾಗ ನೋಯಿಸಿ ಉಂಡಾಗ ಸುಮ್ಮನಾಗುವುದು ಹೆಚ್ಚಾಗಿ ಡಿಯೋಡಿನಮ್ಮಿನ ಹುಣ್ಣು. ತಿಂದ ಅನ್ನವೋ ಮುದ್ದೆಯೋ ಆಮ್ಲವನ್ನು ಹೀರಿ ಅದರ ತೀಕ್ಷ್ಣತೆ ತಗ್ಗಿಸುವುದರಿಂದ ಸ್ವಲ್ಪ ಹೊತ್ತು ಹಿತ ಎನಿಸುತ್ತದೆ. ಎರಡು ಮೂರು ಗಂಟೆಯಲ್ಲಿ ಊಟ ಮುಂದಕ್ಕೆ ಜಾರಿ, ಆಮ್ಲ ಮಾತ್ರ ಉಳಿದು, ಹುಣ್ಣಿನ ಮೇಲೆ ಹರಿದಾಗ ಉರಿ ಮರಳುತ್ತದೆ. ರಾತ್ರಿ ಒಂದೆರಡು ಗಂಟೆಗೆ ಎಬ್ಬಿಸಿ ಕೂರಿಸುವ ನೋವಿಗೂ ಇದೇ ಕಾರಣ. ಆಮ್ಲ ಸುರಿಯುವಿಕೆ ಮಧ್ಯರಾತ್ರಿಯ ಆಸುಪಾಸಿನಲ್ಲಿ ಏರಿರುತ್ತದೆ, ಹೊಟ್ಟೆಯಲ್ಲಿ ಅದನ್ನು ಹೀರಲು ಏನೂ ಇರುವುದಿಲ್ಲ. ದಿಂಬಿನ ಪಕ್ಕ ಬಿಸ್ಕತ್ ಪೊಟ್ಟಣ ಇಟ್ಟುಕೊಂಡು ಮಲಗುವವರನ್ನು ನೀವೂ ಕಂಡಿರಬಹುದು. ಪದೇ ಪದೇ ತಿನ್ನುವುದರಿಂದ ಇಂಥವರಲ್ಲಿ ಕೆಲವರ ತೂಕ ಏರುವುದೂ ಉಂಟು, ಹಾಗಾಗಿ ಮನೆಯವರಿಗೆ ಕಾಯಿಲೆ ಇದೆ ಅನ್ನಿಸುವುದೇ ಇಲ್ಲ. ಜಠರದ ಹುಣ್ಣಿನ ಸ್ವಭಾವ ಬೇರೆ. ಅದು ಉಂಡ ಸ್ವಲ್ಪ ಹೊತ್ತಿಗೇ ನೋಯಬಹುದು, ತಿನ್ನಲು ಹೆದರಿ ಆಳು ಇಳಿದುಹೋಗಬಹುದು.

ಇನ್ನೊಂದು ವಿಷಯ ಜನರನ್ನು ಮೋಸಗೊಳಿಸುತ್ತದೆ. ಈ ನೋವು ಕೆಲವು ವಾರ ಕಾಡಿ, ತಾನಾಗಿಯೇ ತಿಂಗಳುಗಟ್ಟಲೆ ಮಾಯವಾಗುತ್ತದೆ. ಆ ಹೊತ್ತಿಗೆ ಯಾವ ಕಷಾಯ ಕುಡಿಯುತ್ತಿದ್ದರೋ, ಯಾವ ದೇವರಿಗೆ ಹರಕೆ ಹೊತ್ತಿದ್ದರೋ ಅದಕ್ಕೆ ಕೀರ್ತಿ ಹೋಗುತ್ತದೆ. ಮುಂದಿನ ವರ್ಷ ನೋವು ಮತ್ತೆ ಬಂದಾಗ ಹಳೆಯದೇ ಮರುಕಳಿಸಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಹಾಗೆಂದು ನೋವಿನ ಲಕ್ಷಣವೊಂದನ್ನೇ ಹಿಡಿದು ಹುಣ್ಣು ಇದೆ ಎಂದು ಹೇಳಲಾಗದು. ಇದೇ ರೀತಿ ಉರಿಯುವ ಎಷ್ಟೋ ಜನರಿಗೆ ಎಂಡೋಸ್ಕೋಪಿಯಲ್ಲಿ ಹುಣ್ಣು ಸಿಗುವುದಿಲ್ಲ. ಹುಣ್ಣಿದ್ದೂ ನೋವೇ ಇಲ್ಲದವರಿದ್ದಾರೆ, ಅದರಲ್ಲೂ ವಯಸ್ಸಾದವರು. ಇನ್ನು ನಲವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಈ ಜಾಗದಲ್ಲಿ ಹಿಂದೆಂದೂ ಬಾರದ ಉರಿ ಬೆವರಿನೊಂದಿಗೆ ಬಂದರೆ, ನಡೆದಾಗ ಜಾಸ್ತಿಯಾಗಿ ನಿಂತಾಗ ಕಡಿಮೆಯಾದರೆ, ಮೊದಲು ಆಗಬೇಕಾದದ್ದು ಇಸಿಜಿ. ಸೋಡಾ ಕುಡಿದು ಕಾಯುವ ಹೊತ್ತಲ್ಲ ಅದು.

ತಪ್ಪು ಕಲ್ಪನೆ: “ಖಾರ ತಿಂದು, ಹೊತ್ತಿಗೆ ಸರಿಯಾಗಿ ಉಣ್ಣದೆ ಹುಣ್ಣಾಯಿತು”

ಉಪ್ಸಾರಿನ ಖಾರಕ್ಕೆ ಈ ಅಪವಾದ ತಲೆಮಾರುಗಳಿಂದ ಅಂಟಿಕೊಂಡಿದೆ. ಹುಣ್ಣಿದ್ದವರಿಗೆ ಖಾರ ತಿಂದಾಗ ಉರಿ ಹೆಚ್ಚುವುದು ನಿಜ. ಆದರೆ ಉರಿ ಹೆಚ್ಚಿಸುವುದು ಬೇರೆ, ಹುಣ್ಣು ಮಾಡುವುದು ಬೇರೆ. ಮೆಣಸಿನಕಾಯಿ ಹುಣ್ಣು ಮಾಡುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಹೊತ್ತು ತಪ್ಪಿ ಉಣ್ಣುವುದೂ ಅಷ್ಟೆ. ಇದ್ದ ಹುಣ್ಣನ್ನು ಅದು ನೋಯಿಸುತ್ತದೆ, ಇಲ್ಲದ ಹುಣ್ಣನ್ನು ಹುಟ್ಟಿಸುವುದಿಲ್ಲ.

ಹಾಗಾದರೆ ಹುಣ್ಣು ಬಂದದ್ದು ಎಲ್ಲಿಂದ? ಈ ಪ್ರಶ್ನೆಯ ಕಥೆಯಲ್ಲಿ ನಮ್ಮ ಮೈಸೂರು ಸೀಮೆಗೂ ಒಂದು ಜಾಗವಿದೆ ಎಂಬುದು ಇಲ್ಲಿನವರಿಗೇ ಅಷ್ಟಾಗಿ ಗೊತ್ತಿಲ್ಲ. 1950 ಮತ್ತು 60ರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಇಂಗ್ಲಿಷ್ ಶಸ್ತ್ರವೈದ್ಯರು ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ಜನ ಅದನ್ನು ಕರೆಯುವುದು ಮಿಷನ್ ಆಸ್ಪತ್ರೆ ಎಂದೇ. ಡಿಯೋಡಿನಮ್ಮಿನ ಹುಣ್ಣು ಆಗ ದಕ್ಷಿಣ ಭಾರತದಲ್ಲಿ ಬಹಳ. ಹುಣ್ಣು ಮಾಯ್ದು ಮಾಯ್ದು ಕಲೆಗಟ್ಟಿ ಜಠರದ ಬಾಗಿಲೇ ಮುಚ್ಚಿಹೋಗಿ, ಹಿಂದಿನ ದಿನ ತಿಂದದ್ದನ್ನು ಇಂದು ವಾಂತಿ ಮಾಡಿಕೊಳ್ಳುತ್ತಾ ಬರುತ್ತಿದ್ದ ರೋಗಿಗಳೂ ಇದ್ದರು. ಕೈಯಲ್ಲಿದ್ದ ದಾರಿ ಶಸ್ತ್ರಚಿಕಿತ್ಸೆ ಮಾತ್ರ. ಆಮ್ಲ ಸುರಿಸಲು ಅಪ್ಪಣೆ ಕೊಡುವ ವೇಗಸ್ ನರವನ್ನು ಕತ್ತರಿಸಿ, ಜಠರವನ್ನು ಸಣ್ಣ ಕರುಳಿಗೆ ಬೇರೆ ದಾರಿಯಿಂದ ಜೋಡಿಸುತ್ತಿದ್ದರು. ಹಳ್ಳಿಗಳ ಹಿರಿಯರಲ್ಲಿ ಎದೆಮೂಳೆಯಿಂದ ಹೊಕ್ಕುಳವರೆಗೆ ಉದ್ದನೆಯ ಹೊಲಿಗೆ ಗುರುತು ಇರುವವರು ಇನ್ನೂ ಸಿಗುತ್ತಾರೆ. ಕೇಳಿದರೆ “ಅಲ್ಸರ್ ಆಪರೇಷನ್” ಎನ್ನುತ್ತಾರೆ.

ಟೋವಿ ಆಪರೇಷನ್ ಮಾಡಿ ಸುಮ್ಮನಾಗಲಿಲ್ಲ. ಯಾವ ಸೀಮೆಯಲ್ಲಿ ಈ ಹುಣ್ಣು ಹೆಚ್ಚು, ಎಲ್ಲಿ ಕಡಿಮೆ, ಅಲ್ಲಿನವರು ಏನು ತಿನ್ನುತ್ತಾರೆ ಎಂದು ವಿಚಾರಿಸುತ್ತಾ ಹೋದರು. ಭಾರತ ಮತ್ತು ಬಾಂಗ್ಲಾದೇಶದ ಬಗ್ಗೆ 1979ರಲ್ಲಿ ‘ಗಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅನ್ನವೇ ಮುಖ್ಯ ಆಹಾರವಾದ ಸೀಮೆಗಳಲ್ಲಿ ಡಿಯೋಡಿನಮ್ಮಿನ ಹುಣ್ಣು ಹೆಚ್ಚು, ಗೋಧಿ ತಿನ್ನುವ ಉತ್ತರದ ಕಡೆ ಕಡಿಮೆ ಎಂಬುದು ಎದ್ದು ಕಂಡಿತು. ಖಾರವನ್ನು ಎರಡು ಕಡೆಯವರೂ ತಿನ್ನುತ್ತಿದ್ದರು. ಆಮೇಲೆ ಅವರೂ ಅವರ ಸಂಗಡಿಗರೂ ಇಲಿಗಳ ಮೇಲೆ ಪರೀಕ್ಷೆ ಮಾಡಿದಾಗ ಜಠರದ ಪದರವನ್ನು ಕಾಯುವ ಕೊಬ್ಬಿನಂಶಗಳು ಕೆಲವು ಧಾನ್ಯಗಳಲ್ಲಿ ಸಿಕ್ಕವು. ಅವುಗಳಲ್ಲೊಂದು ಹುರುಳಿ.

ಇದನ್ನು ಮಂಡ್ಯ ಕಡೆಯ ನಮ್ಮ ನಾಲ್ಕು ತಾಲ್ಲೂಕುಗಳ ನಕ್ಷೆಯ ಮೇಲಿಟ್ಟು ನೋಡಬೇಕೆನಿಸುತ್ತದೆ. ಕನ್ನಂಬಾಡಿ ಕಟ್ಟೆಯ ಕೆಳಗಿನ ಶ್ರೀರಂಗಪಟ್ಟಣ, ಪಾಂಡವಪುರ ನಾಲೆ ನೀರಿನ ನೆಲ, ಭತ್ತ ಮತ್ತು ಕಬ್ಬಿನ ನೆಲ. ನಾಗಮಂಗಲ ಮಳೆ ನಂಬಿದ ರಾಗಿ ಹುರುಳಿಯ ನೆಲ. ಕೆ.ಆರ್. ಪೇಟೆಯಲ್ಲಿ ಎರಡೂ ಉಂಟು. ಹಾಗಾದರೆ ಮುದ್ದೆ, ಹುರುಳಿ ಕಟ್ಟಿನ ಸಾರು ಉಣ್ಣುವ ಕಡೆಯವರು ಬಚಾವೇ? ಅಲ್ಲಿಗೆ ಜಿಗಿಯುವುದು ಅವಸರವಾದೀತು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಹುಣ್ಣನ್ನು ಮಾಯಿಸುತ್ತದೆ ಎಂದು ಸಾಬೀತಾಗಿಲ್ಲ. ಪಡಿತರ ಅಕ್ಕಿ ಬಂದ ಮೇಲೆ, ಅದರಲ್ಲೂ 2013ರ ಅನ್ನಭಾಗ್ಯದ ನಂತರ, ಊಟದ ಆ ಗಡಿಯೂ ಮಾಸಿಹೋಗಿದೆ. ನನ್ನ ಮಟ್ಟಿಗೆ ಟೋವಿಯವರ ಕೆಲಸದ ಬೆಲೆ ಬೇರೆಡೆ ಇದೆ. ಹುಣ್ಣಿಗೆ ಒಂದೇ ಕಾರಣ ಇರಲಾರದು, ರೋಗಿಯ ಸೀಮೆಯನ್ನೂ ತಟ್ಟೆಯನ್ನೂ ನೋಡಿ ಎಂದು ಅವರು ಹಟ ಹಿಡಿದರು.

ಕಾರಣದ ಇನ್ನೊಂದು ತುದಿ ಸಿಕ್ಕಿದ್ದು ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ. ಅಲ್ಲಿನ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರನ್ ಎಂಬ ಪೆಥಾಲಜಿಸ್ಟ್ ಜಠರದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳನ್ನು ಕಂಡರು. ಅಷ್ಟು ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದು ಎಂದು ಎಲ್ಲರೂ ನಂಬಿದ್ದ ಕಾಲವದು. ಕಿರಿಯ ವೈದ್ಯ ಬ್ಯಾರಿ ಮಾರ್ಷಲ್ ಅವರ ಜೊತೆಗೂಡಿದರು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವ ಯತ್ನ ಮೊದಮೊದಲು ಸೋಲುತ್ತಲೇ ಹೋಯಿತು, ಏಕೆಂದರೆ ತಟ್ಟೆಗಳನ್ನು ಎರಡು ದಿನಕ್ಕೇ ಎಸೆಯುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹೆಚ್ಚು ದಿನ ಉಳಿದುಕೊಂಡವು, ಬ್ಯಾಕ್ಟೀರಿಯಾ ಬೆಳೆದಿತ್ತು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಬಾಯಿ ವಾಸನೆ ಶುರುವಾಯಿತು. ಎಂಡೋಸ್ಕೋಪಿ ಮಾಡಿದಾಗ ಜಠರದ ಒಳಪದರ ಕೆರಳಿ ಊದಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬುದು ಆ ಬ್ಯಾಕ್ಟೀರಿಯಾದ ಹೆಸರು. ವೈದ್ಯರ ಚೀಟಿಯಲ್ಲಿ ‘ಎಚ್. ಪೈಲೊರಿ’ ಎಂದಿರುತ್ತದೆ.

ಅದು ಬದುಕುವ ಬಗೆ ಹೀಗೆ. ಯೂರಿಯೇಸ್ ಎಂಬ ಕಿಣ್ವದಿಂದ ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ, ಆ ಅಮೋನಿಯಾ ತನ್ನ ಸುತ್ತಲಿನ ಆಮ್ಲವನ್ನು ಮಾತ್ರ ತಣ್ಣಗಾಗಿಸುತ್ತದೆ. ಬಾಲದಂಥ ಎಳೆಗಳಿಂದ ಈಜಿ ಲೋಳೆ ಪದರದೊಳಗೆ ನುಗ್ಗಿ ನೆಲೆ ನಿಲ್ಲುತ್ತದೆ. ಜಠರದ ಕೆಳಭಾಗದಲ್ಲಿ ಅದು ಕೂತಾಗ ‘ಆಮ್ಲ ಸಾಕು’ ಎಂದು ಹೇಳುವ ಹಾರ್ಮೋನು ಕುಗ್ಗಿ, ‘ಆಮ್ಲ ಬೇಕು’ ಎನ್ನುವ ಹಾರ್ಮೋನು ಹೆಚ್ಚುತ್ತದೆ. ಹೀಗೆ ಹೆಚ್ಚಿದ ಆಮ್ಲ ಕೆಳಗಿಳಿದು ಡಿಯೋಡಿನಮ್ಮನ್ನು ಸುಡುತ್ತದೆ. ಸೋಂಕು ಒಂದು ಕಡೆ, ಹುಣ್ಣು ಇನ್ನೊಂದು ಕಡೆ.

ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದೆ. ಅವರಲ್ಲಿ ಬಹುಪಾಲು ಜನರಿಗೆ ಜನ್ಮಪೂರ್ತಿ ಹುಣ್ಣಾಗುವುದಿಲ್ಲ. ಯಾರಿಗೆ ಆಗುತ್ತದೆ ಎಂಬುದನ್ನು ಬ್ಯಾಕ್ಟೀರಿಯಾದ ತಳಿ, ಮನೆತನದ ಗುಣ, ಬೀಡಿ, ಬಹುಶಃ ಊಟವೂ ಸೇರಿ ನಿರ್ಧರಿಸುತ್ತವೆ. ಟೋವಿಯವರ ನಕ್ಷೆಗೆ ಇಲ್ಲಿ ಮತ್ತೆ ಜಾಗ ಸಿಗುತ್ತದೆ. ಆದರೆ ಒಮ್ಮೆ ಹುಣ್ಣಾದ ಮೇಲೆ ಅದನ್ನು ಬೇರು ಸಮೇತ ತೆಗೆಯಲು ಊಟ ಬದಲಿಸಿದರೆ ಸಾಲದು. ಹಾಲಿನ ಪಥ್ಯವೂ ಸಾಲದು. ಹಾಲು ಕುಡಿದಾಗ ಉರಿ ತಣಿಯುತ್ತದೆ, ಆದರೆ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಪ್ರೋಟೀನು ಸ್ವಲ್ಪ ಹೊತ್ತಿನಲ್ಲಿ ಇನ್ನಷ್ಟು ಆಮ್ಲ ಸುರಿಯುವಂತೆ ಮಾಡುತ್ತವೆ.

ತಪ್ಪು ಕಲ್ಪನೆ: “ಮೈಕೈ ನೋವಿನ ಮಾತ್ರೆಯನ್ನು ಊಟ ಆದ ಮೇಲೆ ನುಂಗಿದರೆ ಏನೂ ಆಗುವುದಿಲ್ಲ, ಇಂಜೆಕ್ಷನ್ ಆದರಂತೂ ಹೊಟ್ಟೆಗೆ ಹೋಗುವುದೇ ಇಲ್ಲ”

ಹುಣ್ಣಿನ ಎರಡನೆಯ ದೊಡ್ಡ ಕಾರಣ ಇದೇ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್ ಈ ಗುಂಪಿನವು. ಇವು ನೋವನ್ನು ತಗ್ಗಿಸುವುದು ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವನ್ನು ತಡೆದು. ಜಠರದ ಲೋಳೆ ಪದರವನ್ನು ದಿನವೂ ಕಟ್ಟುವುದೂ ಅದೇ ರಾಸಾಯನಿಕ. ತಡೆ ಬೀಳುವುದು ರಕ್ತದ ಮೂಲಕವಾದ್ದರಿಂದ ಬಾಯಿಂದ ನುಂಗಿದರೂ ಒಂದೇ, ಸೊಂಟಕ್ಕೆ ಚುಚ್ಚಿಸಿಕೊಂಡರೂ ಒಂದೇ. ಊಟದ ಮೇಲೆ ನುಂಗಿದರೆ ಆ ಹೊತ್ತಿನ ಕಸಿವಿಸಿ ಕಡಿಮೆಯಾಗುತ್ತದೆ, ಅಪಾಯ ಹೋಗುವುದಿಲ್ಲ.

ನಾಟಿ ಕಾಲದಲ್ಲಿ, ಕಬ್ಬು ಕಡಿಯುವ ಕಾಲದಲ್ಲಿ, ಮೊಣಕಾಲು ಸವೆದ ಅಜ್ಜಿಯರಿಗೆ ವರ್ಷಪೂರ್ತಿ, ನೋವಿನ ಮಾತ್ರೆಗಳು ನಮ್ಮ ಕಡೆ ಎಲೆಯಡಿಕೆಯಷ್ಟೇ ಸಲೀಸಾಗಿ ಕೈಗೆ ಸಿಗುತ್ತವೆ. ಹಾಳೆ ಸುತ್ತಿದ ಬಣ್ಣಬಣ್ಣದ ಮಾತ್ರೆಗಳ ‘ಸೆಟ್’ನಲ್ಲಿ ಏನೇನಿದೆ ಎಂದು ನುಂಗುವವರಿಗೆ ತಿಳಿದಿರುವುದಿಲ್ಲ. ಅದರಲ್ಲಿ ಒಂದು ನೋವಿನ ಮಾತ್ರೆ, ಒಂದು ಸ್ಟೀರಾಯ್ಡ್ ಇದ್ದರೆ ಹೊಟ್ಟೆಗೆ ಎರಡು ಏಟು. ಅರವತ್ತೈದು ದಾಟಿದವರು, ಹಿಂದೆ ಹುಣ್ಣಾಗಿದ್ದವರು, ಹೃದಯಕ್ಕೆ ಆಸ್ಪಿರಿನ್ ನುಂಗುವವರು, ರಕ್ತ ತೆಳುವಾಗಿಸುವ ಔಷಧದಲ್ಲಿರುವವರು ಈ ಗುಂಪಿನ ಮಾತ್ರೆ ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು. ಹೃದಯದ ಆಸ್ಪಿರಿನ್ನನ್ನು ಮಾತ್ರ ಹೆದರಿ ತಾವೇ ನಿಲ್ಲಿಸಬಾರದು, ಅದರ ಜೊತೆ ಹೊಟ್ಟೆ ಕಾಯುವ ಮಾತ್ರೆ ಸೇರಿಸುವ ದಾರಿ ಇದೆ. ಬರೀ ಮೈಕೈ ನೋವಿಗೆ ಪ್ಯಾರಸಿಟಮಾಲ್ ಈ ಲೆಕ್ಕದಲ್ಲಿ ಎಷ್ಟೋ ವಾಸಿ.

ತಪ್ಪು ಕಲ್ಪನೆ: “ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರೆ ಸಾಕು, ನೋವು ಹೋಯಿತಲ್ಲ”

ಇದನ್ನು ಒಂದು ಉದಾಹರಣೆ ಹಿಡಿದು ನೋಡೋಣ. ಪಾಂಡವಪುರ ತಾಲ್ಲೂಕಿನ ಹಳ್ಳಿಯ ಒಬ್ಬ ರೈತ ಎಂದುಕೊಳ್ಳಿ, ವಯಸ್ಸು 42. ಮನೆಯದೇ ಕಬ್ಬು, ಸೀಸನ್ನಿನಲ್ಲಿ ಆಲೆಮನೆಯ ರಾತ್ರಿ ಕೆಲಸ. ಬೆಳಿಗ್ಗೆ ಎಂಟಕ್ಕೆ ಮುದ್ದೆ ಉಂಡರೆ ಹನ್ನೊಂದಕ್ಕೆ ಉರಿ ಶುರು, ಮಧ್ಯಾಹ್ನದ ಊಟಕ್ಕೆ ಸುಮ್ಮನೆ, ರಾತ್ರಿ ಎರಡಕ್ಕೆ ಮತ್ತೆ ಎಚ್ಚರ. ಮೂರು ವರ್ಷದಿಂದ ಹೀಗೆ, ಬಂದು ಹೋಗಿ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಮಾತ್ರೆಯ ಹೆಸರು ಅವನಿಗೆ ಬಾಯಿಪಾಠ. ನುಂಗಿದಷ್ಟು ದಿನ ಹಿತ, ನಿಲ್ಲಿಸಿದ ತಿಂಗಳೊಪ್ಪತ್ತಿಗೆ ಮತ್ತೆ ಉರಿ.

ಆ ಮಾತ್ರೆ ಸುಳ್ಳಲ್ಲ. ಆಮ್ಲ ಸುರಿಯುವುದನ್ನೇ ತಡೆಯುತ್ತದೆ, ನಾಲ್ಕು ವಾರದಲ್ಲಿ ಹೆಚ್ಚಿನ ಡಿಯೋಡಿನಮ್ ಹುಣ್ಣುಗಳು ಮಾಯುತ್ತವೆ. ಆದರೆ ಬ್ಯಾಕ್ಟೀರಿಯಾ ಅಲ್ಲೇ ಉಳಿದಿದ್ದರೆ ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಹುಣ್ಣು ಮರಳುತ್ತದೆ. ಬ್ಯಾಕ್ಟೀರಿಯಾವನ್ನು ನಿರ್ಮೂಲ ಮಾಡಿದರೆ ಮರಳುವುದು ಅಪರೂಪ. ಟೋವಿಯವರ ಕಾಲದಲ್ಲಿ ಹೊಟ್ಟೆ ಕೊಯ್ದು ಮಾಡುತ್ತಿದ್ದ ಕೆಲಸ ಈಗ ಎರಡು ವಾರದ ಮಾತ್ರೆಯಲ್ಲಿ ಮುಗಿಯುತ್ತದೆ. ಅಷ್ಟು ಸುಲಭವಾದ ಕೆಲಸಕ್ಕೆ ಮೂರು ವರ್ಷ ಹಾಳಾಗುವುದನ್ನು ನೋಡಿದರೆ ನೋವಾಗುತ್ತದೆ.

ಮೊದಲ ಹೆಜ್ಜೆ ಪರೀಕ್ಷೆ. ನಮ್ಮ ರೈತ ಮಂಡ್ಯದ ಮಿಮ್ಸ್‌ಗೋ, ಬೆಳ್ಳೂರಿನ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆಗೋ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಹೋದ ಎನ್ನೋಣ. ವೈದ್ಯರ ಮೊದಲ ಪ್ರಶ್ನೆ: “ಗ್ಯಾಸ್ಟ್ರಿಕ್ ಮಾತ್ರೆ ನಿಲ್ಲಿಸಿ ಎಷ್ಟು ದಿನ ಆಯ್ತಪ್ಪ?” ಆಮ್ಲ ತಡೆಯುವ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅಡಗಿಸುತ್ತದೆ, ಆಗ ಪರೀಕ್ಷೆ ಸುಳ್ಳಾಗಿ ‘ಇಲ್ಲ’ ಎನ್ನಬಹುದು. ಆದ್ದರಿಂದ ವೈದ್ಯರನ್ನು ಕೇಳಿಕೊಂಡು ಎರಡು ವಾರ ಮೊದಲೇ ನಿಲ್ಲಿಸಿರಬೇಕು. ಈ ಒಂದು ಮಾತು ಗೊತ್ತಿಲ್ಲದೆ ‘ಸೋಂಕಿಲ್ಲ’ ಎಂಬ ವರದಿ ಹಿಡಿದು ಮನೆಗೆ ಹೋದವರೂ ಇದ್ದಾರೆ.

ಎಂಡೋಸ್ಕೋಪಿಗೆ ರಾತ್ರಿಯಿಂದ ಏನೂ ತಿನ್ನದೆ ಬರಬೇಕು. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಬೆರಳು ಗಾತ್ರದ ಕ್ಯಾಮೆರಾ ಕೊಳವೆಯನ್ನು ಒಳಗೆ ಬಿಡುತ್ತಾರೆ. ಐದು ಹತ್ತು ನಿಮಿಷದ ಕೆಲಸ. ಓಕರಿಕೆ ಬರುತ್ತದೆ, ನೋವಿರುವುದಿಲ್ಲ. ಪರದೆಯಲ್ಲಿ ಕೆಂಪು ಗೋಡೆಯ ನಡುವೆ ಬಿಳಿ ತಳದ ಒಂದು ಗುಳಿ ಕಾಣುತ್ತದೆ. ಜಠರದ ಗೋಡೆಯಿಂದ ಅಕ್ಕಿ ಕಾಳಿಗಿಂತ ಚಿಕ್ಕ ತುಣುಕನ್ನು ಚಿವುಟಿ ತೆಗೆದು, ಯೂರಿಯಾ ಬೆರೆಸಿದ ಹಳದಿ ದ್ರಾವಣದಲ್ಲೋ ಜೆಲ್ಲಿನಲ್ಲೋ ಇಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದರ ಯೂರಿಯೇಸ್ ಅಲ್ಲೂ ತನ್ನ ಕೆಲಸ ಮಾಡಿ ಅಮೋನಿಯಾ ಹುಟ್ಟಿಸುತ್ತದೆ, ಹಳದಿ ನೋಡನೋಡುತ್ತಲೇ ಗುಲಾಬಿಗೆ ತಿರುಗುತ್ತದೆ. ಕೆಲವೊಮ್ಮೆ ನಿಮಿಷಗಳಲ್ಲಿ, ಕೆಲವೊಮ್ಮೆ ಕೆಲವು ಗಂಟೆಗಳಲ್ಲಿ. ರೋಗಿಗೆ ಅದನ್ನು ತೋರಿಸುವ ವೈದ್ಯರು ಒಳ್ಳೆಯ ಕೆಲಸ ಮಾಡುತ್ತಾರೆ. ಕಣ್ಣಾರೆ ಕಂಡವರು ಮಾತ್ರೆ ಬಿಡುವುದು ಕಡಿಮೆ.

ವಯಸ್ಸು ಚಿಕ್ಕದಿದ್ದು ಅಪಾಯದ ಲಕ್ಷಣ ಇಲ್ಲದವರಿಗೆ ಕೆಲವೊಮ್ಮೆ ಕೊಳವೆ ಬಿಡದೆಯೇ ಮಲದ ಆಂಟಿಜೆನ್ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆಯಲ್ಲಿ ಸೋಂಕನ್ನು ಕಂಡುಹಿಡಿಯುತ್ತಾರೆ. ರಕ್ತ ಪರೀಕ್ಷೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಎಂದೋ ಇದ್ದು ಹೋದ ಸೋಂಕಿಗೂ ಅದು ‘ಇದೆ’ ಎನ್ನುತ್ತದೆ. ಹುಣ್ಣು ಜಠರದಲ್ಲೇ ಇದ್ದರೆ ಅದರ ಅಂಚಿನಿಂದಲೂ ತುಣುಕು ತೆಗೆದು ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ, ಮಾಯ್ದಿದೆಯೇ ಎಂದು ನೋಡಲು ಮತ್ತೊಮ್ಮೆ ಕರೆಯಬಹುದು.

ಇನ್ನು ಔಷಧ. ಒಂದೇ ಆಂಟಿಬಯಾಟಿಕ್ ಸಾಲದು. ಹೆಚ್ಚು ಭರವಸೆಯ ಒಂದು ಕ್ರಮದಲ್ಲಿ ನಾಲ್ಕು ಔಷಧಗಳಿರುತ್ತವೆ: ಆಮ್ಲ ತಡೆಯುವ ಮಾತ್ರೆ ದಿನಕ್ಕೆರಡು ಸಲ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್. ಒಟ್ಟು 14 ದಿನ. ಅಮಾಕ್ಸಿಸಿಲಿನ್ ಮತ್ತು ಕ್ಲಾರಿತ್ರೊಮೈಸಿನ್ ಇರುವ ಮೂರು ಔಷಧದ ಕ್ರಮವೂ ಬಳಕೆಯಲ್ಲಿದೆ. ಆದರೆ ಕ್ಲಾರಿತ್ರೊಮೈಸಿನ್‌ಗೆ ಬಗ್ಗದ ತಳಿಗಳು ಹೆಚ್ಚುತ್ತಿವೆ. ಮೆಟ್ರೋನಿಡಜೋಲ್ ಅಂತೂ ಭೇದಿಗೆ ಅಂಗಡಿಯಿಂದ ತಂದು ಒಂದೆರಡು ನುಂಗಿ ಬಿಡುವ ಮಾತ್ರೆಯಾಗಿ ಹೋಗಿದೆ, ನಮ್ಮ ದೇಶದ ಬ್ಯಾಕ್ಟೀರಿಯಾ ಅದಕ್ಕೆ ಚೆನ್ನಾಗಿಯೇ ಪಳಗಿದೆ. ಹೆಚ್ಚಿನ ಪ್ರಮಾಣದಲ್ಲಿ, ಬಿಸ್ಮತ್ ಜೊತೆಯಲ್ಲಿ, ಪೂರ್ತಿ ಎರಡು ವಾರ ಕೊಟ್ಟರೆ ಮಾತ್ರ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಯಾರಿಗೆ ಯಾವ ಕ್ರಮ ಎಂಬುದನ್ನು ನಿರ್ಧರಿಸುವವರು ವೈದ್ಯರು. ಗರ್ಭಿಣಿಯರಿಗೆ, ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ಕ್ರಮ ಬೇರೆ.

ನಾಲ್ಕೈದನೇ ದಿನಕ್ಕೆ ನಮ್ಮ ರೈತನ ಹೆಂಡತಿ ಫೋನು ಮಾಡುತ್ತಾರೆ: “ಸಾರ್, ಇವರಿಗೆ ಬಾಯೆಲ್ಲ ಕಬ್ಬಿಣ ನೆಕ್ಕಿದಂಗೆ ಅಂತಾರೆ, ಹೊಟ್ಟೆನೂ ಸಡಿಲಾಗದೆ. ನೋವು ಹೋಗದೆ, ನಿಲ್ಲಿಸ್ಬುಡ್ಲಾ?” ಚಿಕಿತ್ಸೆ ಸೋಲುವುದು ಬಹುಮಟ್ಟಿಗೆ ಈ ಹಂತದಲ್ಲೇ. ನೋವು ಹೋದದ್ದು ಆಮ್ಲ ತಗ್ಗಿದ್ದರಿಂದ, ಬ್ಯಾಕ್ಟೀರಿಯಾ ಇನ್ನೂ ಉಳಿದಿರಬಹುದು. ಅರ್ಧದಲ್ಲಿ ಬಿಟ್ಟರೆ ಔಷಧದ ಏಟು ತಿಂದೂ ಬದುಕಿದವು ಉಳಿದು ಬೆಳೆಯುತ್ತವೆ, ಮುಂದಿನ ಸಲ ಅದೇ ಔಷಧ ಅವುಗಳ ಮೇಲೆ ನಡೆಯುವುದಿಲ್ಲ. ಬಾಯಿ ರುಚಿ ಕೆಡುವುದು ಮೆಟ್ರೋನಿಡಜೋಲ್ ಗುಣ, ಮಾತ್ರೆ ಮುಗಿದರೆ ಸರಿಹೋಗುತ್ತದೆ. ಮೈಯೆಲ್ಲ ದದ್ದು, ಉಸಿರಾಟದ ತೊಂದರೆ, ತಡೆಯಲಾರದ ಭೇದಿ ಬಂದರೆ ಮಾತ್ರ ಕೂಡಲೇ ವೈದ್ಯರನ್ನು ಕಾಣಬೇಕು. ಈ ದಿನಗಳಲ್ಲಿ ಮದ್ಯ ಬೇಡ, ವಾಂತಿಯಾಗಬಹುದು. ಟೆಟ್ರಾಸೈಕ್ಲಿನ್ನನ್ನು ಹಾಲಿನ ಜೊತೆ ನುಂಗಬಾರದು, ಹಾಲಿನ ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಬೀಡಿ ಸೇದಿದರೆ ಹುಣ್ಣು ಮಾಯುವುದು ತಡವಾಗುತ್ತದೆ.

ಮಾತ್ರೆ ಮುಗಿದ ಮೇಲೆ ಹೆಚ್ಚಿನವರು ಮರೆಯುವ ಹೆಜ್ಜೆ ಒಂದಿದೆ: ಬ್ಯಾಕ್ಟೀರಿಯಾ ನಿಜವಾಗಿ ಹೋಯಿತೇ ಎಂಬ ಮರುಪರೀಕ್ಷೆ. ಆಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ, ಆಮ್ಲ ತಡೆಯುವ ಮಾತ್ರೆ ನಿಲ್ಲಿಸಿ ಕನಿಷ್ಠ ಎರಡು ವಾರ ಕಳೆದ ಮೇಲೆ ಮಲದ ಅಥವಾ ಉಸಿರಿನ ಪರೀಕ್ಷೆ ಮಾಡಿಸಬೇಕು. ಚಿಕಿತ್ಸೆ ಶುರುವಾದ ದಿನದಿಂದ ಎಣಿಸಿದರೆ ಆರು ವಾರಕ್ಕೆ ಮೊದಲಲ್ಲ. ‘ಇಲ್ಲ’ ಎಂದು ಬಂದರೆ ನಮ್ಮ ರೈತನ ಮೂರು ವರ್ಷದ ಕಾಯಿಲೆ ಅಲ್ಲಿಗೆ ಮುಗಿಯಿತು, ದಿನದ ಮಾತ್ರೆಯೂ ಬೇಕಿಲ್ಲ. ‘ಇದೆ’ ಎಂದು ಬಂದರೆ ಬೇರೆ ಆಂಟಿಬಯಾಟಿಕ್‌ಗಳ ಇನ್ನೊಂದು ಕ್ರಮ. ಹಳೆಯ ಚೀಟಿಯನ್ನೇ ತೋರಿಸಿ ಅದೇ ಮಾತ್ರೆ ತಂದರೆ ದುಡ್ಡು ದಂಡ.

ತಪ್ಪು ಕಲ್ಪನೆ: “ಅಂಟುವ ರೋಗ, ತಟ್ಟೆ ಲೋಟ ಬೇರೆ ಇಡಬೇಕು”

ಬೇಡ. ಇದು ಅಂಟುವುದು ನಿಜ, ಆದರೆ ಹೆಚ್ಚಾಗಿ ಬಾಲ್ಯದಲ್ಲಿ, ಮನೆಯೊಳಗೆ, ಬಾಯಿಂದ ಬಾಯಿಗೆ ಅಥವಾ ಕೊಳಕು ಕೈಯಿಂದ. ಅಗಿದ ತುತ್ತನ್ನು ಮಗುವಿನ ಬಾಯಿಗಿಡುವ ಹಳೆಯ ರೂಢಿ ಬಿಡುವುದು ಒಳ್ಳೆಯದು. ಶೌಚದ ನಂತರ, ಅಡುಗೆಗೆ ಮುಂಚೆ ಸೋಪಿನಿಂದ ಕೈ ತೊಳೆಯಬೇಕು. ದೊಡ್ಡವರಾದ ಮೇಲೆ ಹೊಸದಾಗಿ ಅಂಟುವುದು ಕಡಿಮೆ. ತೊಂದರೆ ಇಲ್ಲದ ಮನೆಮಂದಿಗೆಲ್ಲ ಪರೀಕ್ಷೆ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೆ ತಂದೆ ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ ಪರೀಕ್ಷೆ ಮಾಡಿಸುವುದು ಸರಿ, ಈ ಬ್ಯಾಕ್ಟೀರಿಯಾ ಆ ಕ್ಯಾನ್ಸರಿಗೂ ಒಂದು ಕಾರಣ.

ತಪ್ಪು ಕಲ್ಪನೆ: “ಮಲ ಕಪ್ಪಗೆ ಹೋದರೆ ಉಷ್ಣ, ಎಳನೀರು ಕುಡಿದರೆ ಸರಿಹೋಗುತ್ತದೆ”

ಈ ನಂಬಿಕೆಯಿಂದ ಜೀವ ಹೋಗುತ್ತದೆ. ಹುಣ್ಣು ಕೊರೆದು ರಕ್ತನಾಳಕ್ಕೆ ತಾಗಿದರೆ ಒಳಗೇ ರಕ್ತ ಸೋರುತ್ತದೆ. ಅದು ಕರುಳಿನಲ್ಲಿ ಸಾಗುವಾಗ ಜೀರ್ಣವಾಗಿ ಟಾರಿನಂತೆ ಕಪ್ಪಾಗುತ್ತದೆ. ಮಲ ಅಂಟಂಟಾಗಿ, ಹೊಳೆಯುತ್ತಾ, ನೀರು ಹಾಕಿದರೂ ಸುಲಭಕ್ಕೆ ಬಿಡದಂತಿರುತ್ತದೆ, ವಾಸನೆ ಎಂದಿನದಲ್ಲ. ಕಬ್ಬಿಣದ ಮಾತ್ರೆ ನುಂಗುವ ಗರ್ಭಿಣಿಯರಿಗೂ, ಮೇಲೆ ಹೇಳಿದ ಬಿಸ್ಮತ್ ನುಂಗುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಅದು ಗಟ್ಟಿಯಾಗಿ, ಅಂಟಿಲ್ಲದೆ, ಆ ಕೆಟ್ಟ ವಾಸನೆ ಇಲ್ಲದೆ ಇರುತ್ತದೆ. ಅನುಮಾನ ಬಂದರೆ ವೈದ್ಯರಿಗೆ ತೋರಿಸುವುದೇ ಸರಿ. ರಕ್ತ ಸೋರುವವರಲ್ಲಿ ಎದ್ದು ನಿಂತಾಗ ತಲೆ ಸುತ್ತು, ಮೈ ತಣ್ಣಗೆ, ಎದೆ ಡವಡವ ಕಾಣಿಸುತ್ತದೆ. ವಾಂತಿಯಲ್ಲಿ ಕೆಂಪು ರಕ್ತವೋ ಕಾಫಿ ಗಸಿಯಂಥದ್ದೋ ಬಂದರೂ ಅರ್ಥ ಒಂದೇ.

ಇನ್ನೊಂದು ಅಪಾಯ ಹುಣ್ಣು ತೂತಾಗುವುದು. ನೋವು ಕತ್ತಿ ಇರಿದಂತೆ ಒಮ್ಮೆಗೇ ಬರುತ್ತದೆ, ಗಂಟೆ ಎಷ್ಟಾಗಿತ್ತು ಎಂದು ರೋಗಿಗೆ ನೆನಪಿರುವಷ್ಟು. ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ಅಲುಗಾಡಲೂ ಆಗದೆ ಮಲಗಿಬಿಡುತ್ತಾರೆ. ಆಗ ಬಾಯಿಗೆ ನೀರನ್ನೂ ಹಾಕದೆ, ನೋವಿನ ಮಾತ್ರೆ ಕೊಡದೆ, 108ಕ್ಕೆ ಫೋನು ಮಾಡಿ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಒಯ್ಯಬೇಕು. ಕಪ್ಪು ಮಲ, ರಕ್ತ ವಾಂತಿ, ಈ ಬಿಗಿದ ಹೊಟ್ಟೆ, ಮೂರರಲ್ಲಿ ಯಾವುದಕ್ಕೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ, ನಿನ್ನೆಯ ಊಟ ಇಂದು ವಾಂತಿಯಾಗುವುದು, ನಲವತ್ತೈದರ ನಂತರ ಹೊಸದಾಗಿ ಶುರುವಾದ ಉರಿ, ಇವಿಷ್ಟಕ್ಕೆ ರಾತ್ರೋರಾತ್ರಿ ಓಡಬೇಕಿಲ್ಲ, ಆದರೆ ಅದೇ ವಾರದಲ್ಲಿ ವೈದ್ಯರನ್ನು ಕಂಡು ಎಂಡೋಸ್ಕೋಪಿಗೆ ದಿನ ಗೊತ್ತು ಮಾಡಿಕೊಳ್ಳಬೇಕು.